ಮುಚ್ಚಳ ಸಮೇತ ಹದಿಮೂರು ಗ್ರಾಂ

ಸೋಪು ಕಾರ್ಖಾನೆಯಲ್ಲಿ ಅವಳಿಗೆ ಕತ್ತರಿ ಎಂದು ಹೆಸರು ಬಿದ್ದು ಐದು ತಿಂಗಳಾಗಿತ್ತು. ಎದುರಿಗೆ ಕತ್ತರಿ ಅಕ್ಕ, ಬೆನ್ನ ಹಿಂದೆ ಬರೀ ಕತ್ತರಿ. ಕೈ ತೊಳೆಯುವ ದ್ರವ ಸೋಪನ್ನು ಬಾಟಲಿಗೆ ತುಂಬಿಸಿ ಮಾರುವ ಸಣ್ಣ ಕಾರ್ಖಾನೆ ಅದು. ಚಿತ್ರಗಳ ಕೆಳಗೆ ಕ್ಯಾಪ್ಷನ್ ಬರೆಯುವುದು ಅವಳ ಕೆಲಸ. ಅಂಗಡಿಯ ಶೆಲ್ಫಿಗೆ ಅಂಟಿಸುವ ಕಾರ್ಡು, ಜನ ಫೋನಿನಲ್ಲಿ ಹೆಬ್ಬೆರಳಿನಿಂದ ತಳ್ಳಿ ಮುಂದೆ ಹೋಗುವ ಪೋಸ್ಟು, ಎಲ್ಲದರ ಕೆಳಗಿನ ಮೂರು ಸಾಲೂ ಅವಳದೇ. ಬೇರೆಯವರು ಬರೆದು ತಂದದ್ದನ್ನೂ ಅವಳೇ ನೋಡಬೇಕು. ಹತ್ತು ಸಾಲು ಕೊಟ್ಟರೆ ಎರಡು ಸಾಲು ವಾಪಸು ಬರುತ್ತಿತ್ತು. ಆ ಎರಡರಲ್ಲೂ ‘ಪರಿಸರ ಸ್ನೇಹಿ’ ಎಂಬ ಮಾತು ಇರುತ್ತಿರಲಿಲ್ಲ.

‘ಪರಿಸರ ಸ್ನೇಹಿ’ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ‘ಹಸಿರು’, ‘ಪ್ರಕೃತಿಗೆ ಹತ್ತಿರ’, ‘ಭೂತಾಯಿಗೆ ನಮ್ಮ ಪುಟ್ಟ ಕಾಣಿಕೆ’ ಇವಕ್ಕೂ ಅದೇ ಗತಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದಾದರೆ ಬರೆಯುವವಳು ಯಾಕೆ ಬೇಕು, ಒಂದು ಎಲೆಯ ಚಿತ್ರ ಹಾಕಿದರೆ ಸಾಲದೇ ಎಂದು ಕೇಳುತ್ತಿದ್ದಳು. ಎಲೆಯ ಚಿತ್ರ ಹಾಕಿದರೆ ಅದನ್ನೂ ತೆಗೆಸುತ್ತಿದ್ದಳು.

ಇದಕ್ಕೆ ಒಂದು ಹಿನ್ನೆಲೆ ಇದೆ. ಅವಳು ಅದನ್ನು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ.

ಇದಕ್ಕೆ ಮೊದಲು ಅವಳು ಚಹಾಪುಡಿ ಮಾರುವ ಕಂಪನಿಯೊಂದರಲ್ಲಿದ್ದಳು. ಅವರ ಹೊಸ ಪೊಟ್ಟಣಕ್ಕೆ ಅವಳೇ ಬರೆದ ಮಾತು: ‘ಮಣ್ಣಿನಿಂದ ಬಂದದ್ದು, ಮಣ್ಣಿಗೇ ಮರಳುವುದು.’ ಬರೆದ ದಿನ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು. ಮನೆಯಲ್ಲಿ ಅಪ್ಪನಿಗೂ ಓದಿ ಹೇಳಿದ್ದಳು. ಅಪ್ಪ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು. ಮೂವತ್ತನಾಲ್ಕು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತಿದವರು. ಯಾವ ಅಂಗಡಿಯವನ ಮಾತನ್ನೂ ನಂಬದ ಆ ಮನುಷ್ಯ ಮಗಳ ಮಾತನ್ನು ಮಾತ್ರ ನಂಬುತ್ತಿದ್ದರು. ಅವಳು ಬರೆದದ್ದನ್ನೆಲ್ಲ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಡಚಿ, ಒಂದು ಫೈಲಿನಲ್ಲಿ ಇಡುತ್ತಿದ್ದರು. ಮಣ್ಣಿಗೆ ಮರಳುತ್ತದೆ ಎಂದು ಮಗಳು ಬರೆದಳಲ್ಲ, ಅಂದಿನಿಂದ ಚಹಾಪುಡಿ ಮುಗಿದಾಗಲೆಲ್ಲ ಖಾಲಿ ಪೊಟ್ಟಣವನ್ನು ಒಯ್ದು ಹಿತ್ತಲಿನ ಗುಲಾಬಿ ಪಾತಿಯಲ್ಲಿ ಹೂಳುತ್ತಾ ಬಂದರು. ಅವಳಿಗೆ ಇದು ಗೊತ್ತೇ ಇರಲಿಲ್ಲ.

ಎರಡು ವರ್ಷದ ಮೇಲೆ ಗಿಡ ಬದಲಿಸಲೆಂದು ಪಾತಿ ಅಗೆದರು. ಅಪ್ಪ ಪೊಟ್ಟಣಗಳನ್ನು ಒಂದೊಂದಾಗಿ ಹೊರಗೆ ತೆಗೆದರು, ತೊಳೆದರು, ಒರೆಸಿದರು, ಊಟದ ಮೇಜಿನ ಮೇಲೆ ಜೋಡಿಸಿಟ್ಟರು. ಅವಳು ಕೆಲಸದಿಂದ ಬಂದಾಗ ಅವು ಮೇಜಿನ ಮೇಲಿದ್ದವು. ಅವಳು ಬರೆದ ಮಾತು ಎಲ್ಲದರ ಮೇಲೂ ಚೆನ್ನಾಗಿ ಓದಲು ಬರುತ್ತಿತ್ತು.

“ನಲವತ್ತಮೂರು” ಎಂದರು ಅಪ್ಪ. ಅಷ್ಟೇ.

ಮರುದಿನ ಅವಳು ಕಂಪನಿಯ ಕಡತದಲ್ಲಿದ್ದ ಪ್ರಮಾಣಪತ್ರವನ್ನು ಮೊದಲ ಸಲ ಕೊನೆಯವರೆಗೆ ಓದಿದಳು. ಆ ಪೊಟ್ಟಣ ಗೊಬ್ಬರವಾಗುವುದು ನಿಜ. ಆದರೆ ಅರವತ್ತು ಡಿಗ್ರಿಯಷ್ಟು ಬಿಸಿಯನ್ನು ತಿಂಗಳುಗಟ್ಟಲೆ ಕಾಯ್ದುಕೊಳ್ಳುವ ದೊಡ್ಡ ಗೊಬ್ಬರದ ಘಟಕದಲ್ಲಿ. ಹಿತ್ತಲಲ್ಲಿ ಅಷ್ಟು ಬಿಸಿ ಇದ್ದಿದ್ದರೆ ಗುಲಾಬಿಯೇ ಮೊದಲು ಬೇಯುತ್ತಿತ್ತು. ಅಂಥ ಘಟಕ ಆ ಊರಲ್ಲೂ ಇರಲಿಲ್ಲ, ಪಕ್ಕದ ಊರಲ್ಲೂ ಇರಲಿಲ್ಲ. ಮಾತನ್ನು ತಿದ್ದೋಣ ಎಂದು ಅವಳು ಹೇಳಿದಳು. ಕಂಪನಿ ಮಾತನ್ನು ಉಳಿಸಿಕೊಂಡು ಅವಳನ್ನು ತಿದ್ದಿತು, ಅಂದರೆ ಮನೆಗೆ ಕಳಿಸಿತು.

ಕೆಲಸ ಹೋದದ್ದಕ್ಕೆ ಅವಳು ಅಷ್ಟೇನೂ ಅಳಲಿಲ್ಲ. ಅಂದಿನಿಂದ ಅಪ್ಪ ಅವಳು ಬರೆದದ್ದನ್ನು ಓದುವುದು ಬಿಟ್ಟರು, ಅದು ಸಂಕಟವಾಯಿತು. ಜಗಳವಿಲ್ಲ, ಮುನಿಸಿಲ್ಲ. ಓದಿ ನೋಡಿ ಎಂದು ಮುಂದೆ ಇಟ್ಟರೆ “ಕನ್ನಡಕ ಎಲ್ಲಿಟ್ಟೆನೋ” ಎನ್ನುತ್ತಿದ್ದರು. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು. ನಲವತ್ತೆಂಟು ವರ್ಷದ ಹೆಂಗಸಿಗೆ ಅಪ್ಪನ ಮೆಚ್ಚುಗೆ ಯಾಕೆ ಬೇಕು ಎಂದು ಯಾರಾದರೂ ಕೇಳಬಹುದು. ಬೇಕಿತ್ತು, ಅಷ್ಟೇ.

ಈಗಿನ ವಿಷಯಕ್ಕೆ ಬರೋಣ. ಸೋಪಿನ ಕಾರ್ಖಾನೆ ಹೊಸದಾಗಿ ರೀಫಿಲ್ ಪೊಟ್ಟಣ ತಂದಿತ್ತು. ಮೆತ್ತನೆಯ ಪ್ಲಾಸ್ಟಿಕ್ ಪೊಟ್ಟಣ, ಮೂಲೆಯಲ್ಲಿ ಒಂದು ಮೂತಿ, ಮೂತಿಗೆ ತಿರುಗಿಸುವ ಮುಚ್ಚಳ. ಮುಗಿದ ಬಾಟಲಿಯನ್ನು ಎಸೆಯದೆ ಅದಕ್ಕೇ ಇದರಿಂದ ಸೋಪು ಸುರಿದುಕೊಳ್ಳಬೇಕು. ಒಂದೇ ಹೆಸರಿನಲ್ಲಿ ನಲವತ್ತು ಅಂಗಡಿ ನಡೆಸುವವರು ಇದನ್ನು ಇಟ್ಟುಕೊಳ್ಳುವ ಮನಸ್ಸು ಮಾಡಿದ್ದರು. ಅವರ ಖರೀದಿ ಅಧಿಕಾರಿ ಗುರುವಾರ ಬರುವವರಿದ್ದರು, ಶೆಲ್ಫಿನ ಕಾರ್ಡು ನೋಡಿ ತೀರ್ಮಾನ ಹೇಳುವವರಿದ್ದರು.

ಮಂಗಳವಾರ ಯಜಮಾನಿ ಅವಳನ್ನು ಒಳಗೆ ಕರೆದರು. ಯಜಮಾನಿ ಎಂದರೆ ಕಾರ್ಖಾನೆಯ ಒಡತಿ. ಮನೆಯ ಅಡುಗೆ ಒಲೆಯ ಮೇಲೆ ಸೋಪು ಕಾಯಿಸುತ್ತಾ ಶುರುಮಾಡಿ ಇಲ್ಲಿಯವರೆಗೆ ಬಂದ ಗಟ್ಟಿಗಿತ್ತಿ. ಮೇಜಿನ ಮೇಲೆ ಫೋಟೋ ಇತ್ತು. ಪಾಚಿ ಹಾಸಿದ ಬಂಡೆ, ಇಬ್ಬನಿ, ಅದರ ಮೇಲೆ ಪೊಟ್ಟಣ.

“ಕಾಡಲ್ಲಿ ಯಾರು ಕೈ ತೊಳೀತಾರೆ ಮೇಡಂ?” ಎಂದಳು ಕತ್ತರಿ.

“ಅದು ಒಂದು ಭಾವನೆ ಕಣ್ರೀ.”

“ಭಾವನೆ ಸರಿ. ಇದನ್ನ ಕಾಡಲ್ಲಿ ಬಿಟ್ಟರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೀಗೇ ಬಿದ್ದಿರುತ್ತೆ.”

ಯಜಮಾನಿ ಫೋಟೋವನ್ನು ತಿರುಗಿಸಿ ಇಟ್ಟರು. “ಹೋಗಲಿ, ಬಚ್ಚಲಲ್ಲೇ ತೆಗೆಸೋಣ. ಆದ್ರೆ ಮಾತು ಜೋರಾಗಿರಲಿ. ನಿಮಗೆ ಬೇಕಾದ ಲೆಕ್ಕ ತಂದಿದೀನಿ. ಬಾಟಲಿ ನಲವತ್ತು ಗ್ರಾಂ, ಪೊಟ್ಟಣ ಹತ್ತು ಗ್ರಾಂ. ಎರಡೂ ಹಿಡಿಯೋದು ಒಂದೇ ಅಳತೆ ಸೋಪು. ನೂರಕ್ಕೆ ಎಪ್ಪತ್ತೈದು ಕಡಿಮೆ. ನಾನು ಅವರಿಗೆ ಫೋನಲ್ಲೂ ಹೇಳಿಯಾಗಿದೆ.”

ಕತ್ತರಿಗೆ ಖುಷಿಯಾಯಿತು. ಇಷ್ಟು ದಿನಕ್ಕೆ ಒಂದು ಅಂಕಿ ಸಿಕ್ಕಿತಲ್ಲ. ಎರಡು ಕಾಗದ ನೋಡಿದಳು. ಒಂದು ಬಾಟಲಿ ಮಾರುವವರ ಪಟ್ಟಿ, ಅದರಲ್ಲಿ ನಲವತ್ತು ಎಂದಿತ್ತು. ಇನ್ನೊಂದು ತಮ್ಮದೇ ತುಂಬುವ ಕೋಣೆಯ ರಿಜಿಸ್ಟರಿನ ನಕಲು, ಅದರಲ್ಲಿ ಹತ್ತು ಎಂದಿತ್ತು. ಸಂಜೆಯೊಳಗೆ ಬರೆದು ಮುಗಿಸಿದಳು: ‘ನಮ್ಮ ಬಾಟಲಿಗಿಂತ ಈ ಪೊಟ್ಟಣದಲ್ಲಿ ಪ್ಲಾಸ್ಟಿಕ್ 75% ಕಡಿಮೆ.’ ಯಾವುದಕ್ಕಿಂತ ಎಂದು ಇದೆ, ಎಷ್ಟು ಎಂದು ಇದೆ. ಸ್ನೇಹವೂ ಇಲ್ಲ, ಹಸಿರೂ ಇಲ್ಲ. ಎರಡು ಖಾಲಿ ಪೊಟ್ಟಣ, ಎರಡು ಮುಚ್ಚಳ, ಒಂದು ಖಾಲಿ ಬಾಟಲಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಬುಧವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಪ್ಪನ ಮುಂದೆ ಕುಳಿತು, ಕನ್ನಡಕದ ಮಾತು ಬರುವ ಮೊದಲೇ ಅದನ್ನು ಗಟ್ಟಿಯಾಗಿ ಓದಿಬಿಟ್ಟಳು. ಅಪ್ಪ ಕಾಫಿ ಕುಡಿದು ಮುಗಿಸಿದರು. ಲೋಟ ಕೆಳಗಿಟ್ಟರು.

“ಎಷ್ಟು ಗ್ರಾಂ?” ಎಂದರು.

ವರ್ಷದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ. “ಬಾಟಲಿ ನಲವತ್ತು, ಪೊಟ್ಟಣ ಹತ್ತು ಅಪ್ಪ.”

ಅಪ್ಪ ಎದ್ದು ಹೋಗಿ ಕಪಾಟಿನ ಮೇಲಿನ ಮರದ ಪೆಟ್ಟಿಗೆಯಿಂದ ಸಣ್ಣ ತಕ್ಕಡಿ ತಂದರು. ನಿವೃತ್ತರಾದಾಗ ಸ್ವಂತ ಹಣದಲ್ಲಿ ಕೊಂಡದ್ದು. ಹಿತ್ತಾಳೆಯ ತೂಕದ ಬಟ್ಟುಗಳನ್ನು ಬೆರಳಲ್ಲಿ ಮುಟ್ಟುತ್ತಿರಲಿಲ್ಲ, ಬೆವರಿನ ತೂಕ ಸೇರುತ್ತದೆ ಎಂದು ಚಿಮಟದಲ್ಲೇ ಎತ್ತುತ್ತಿದ್ದರು. ತಟ್ಟೆ ನೆಟ್ಟಗಾಗುವವರೆಗೆ ಮೇಜಿನ ಕಾಲಿಗೆ ಕಾಗದ ಮಡಚಿ ಇಟ್ಟರು. ಪೊಟ್ಟಣಕ್ಕೆ ಮುಚ್ಚಳ ತಿರುಗಿಸಿ ತಟ್ಟೆಗೆ ಹಾಕಿದರು. ಒಂದನ್ನು ತೂಗಿದರು, ಇನ್ನೊಂದನ್ನು ತೂಗಿದರು, ಎರಡನ್ನೂ ಒಟ್ಟಿಗೆ ತೂಗಿದರು.

“ಹದಿಮೂರು” ಎಂದರು.

ನಲವತ್ತಮೂರು ಎಂದದ್ದೂ ಇದೇ ದನಿಯಲ್ಲಿ. ಅವಳು ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಆಮೇಲೆ ಅಪ್ಪ ಬಾಟಲಿಯನ್ನು ಪಂಪು ಸಮೇತ ತೂಗಿದರು, ನಲವತ್ತೇ ಇತ್ತು. ಅದರ ಪಂಪನ್ನು ಕೈಗೆತ್ತಿಕೊಂಡು, ಇಕ್ಕಳ ತಂದು, ಬಿಚ್ಚಿ ಹರವಿದರು. ಒಳಗಿಂದ ಉಕ್ಕಿನ ಒಂದು ಸ್ಪ್ರಿಂಗೂ ಗಾಜಿನ ಒಂದು ಪುಟ್ಟ ಗುಂಡೂ ಬಂದವು. ಎರಡೂ ಸೇರಿ ಒಂದು ಗ್ರಾಂ.

“ಇದೂ ಪ್ಲಾಸ್ಟಿಕ್ಕಾ?” ಎಂದು ಕೇಳಿದರು.

“ಅಲ್ಲ.”

“ಹಾಗಾದ್ರೆ ಬಾಟಲಿ ಮೂವತ್ತೊಂಬತ್ತು.” ತಕ್ಕಡಿಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು. “ಪರಿಸರ ಸ್ನೇಹಿ ಅಂತ ಬರೆದಿದ್ರೆ ನನಗೆ ತೂಗೋಕೆ ಆಗ್ತಿರ್ಲಿಲ್ಲ. ನೀನು ಅಂಕಿ ಬರೆದೆ, ಅದಕ್ಕೆ ಸಿಕ್ಕಿಬಿದ್ದೆ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ತನ್ನ ಮೇಲೇ ಕೆಂಡ ಕಾರುತ್ತಿದ್ದಳು. ಊರವರ ಬರಹಕ್ಕೆಲ್ಲ ಕತ್ತರಿ ಆಡಿಸುವವಳು ತನ್ನ ಅಂಕಿಯನ್ನು ಮಾತ್ರ ಕಣ್ಣು ಮುಚ್ಚಿ ನುಂಗಿದ್ದಳು. ಮಸುಕಾದ ಮಾತು ಸುಳ್ಳಾಗಬಹುದು ಎಂದು ಅವಳಿಗೆ ಗೊತ್ತಿತ್ತು. ಚೂಪಾದ ಮಾತು ಇನ್ನೂ ಚೂಪಾದ ಸುಳ್ಳಾಗಬಹುದು ಎಂದು ಈಗ ಗೊತ್ತಾಯಿತು.

ಬಸ್ಸಿಳಿದವಳು ನೇರ ತುಂಬುವ ಕೋಣೆಗೆ ಹೋದಳು. ಅಲ್ಲಿನ ಮೇಸ್ತ್ರಿಗೆ ಸೊನ್ನೆಯಣ್ಣ ಎಂದು ಹೆಸರು. ಇಡೀ ದಿನ ಅವನು ಮಾಡುವುದು ಒಂದೇ ಕೆಲಸ. ಖಾಲಿ ಪೊಟ್ಟಣವನ್ನು ಯಂತ್ರದ ತಕ್ಕಡಿಯ ಮೇಲೆ ಇಟ್ಟು ಗುಂಡಿ ಒತ್ತುತ್ತಾನೆ, ತಕ್ಕಡಿ ಸೊನ್ನೆ ತೋರಿಸುತ್ತದೆ, ಅಲ್ಲಿಂದಾಚೆಗೆ ಸುರಿದ ಸೋಪಿನ ತೂಕ ಮಾತ್ರ ಕಾಣುತ್ತದೆ. ಪಾಳಿ ಶುರುವಾಗುವಾಗ ಖಾಲಿ ಪೊಟ್ಟಣದ ತೂಕವನ್ನು ಒಂದು ಸಲ ರಿಜಿಸ್ಟರಿಗೆ ಬರೆದಿಡುತ್ತಾನೆ.

“ಸೊನ್ನೆಯಣ್ಣ, ಈ ಹತ್ತು ಗ್ರಾಂ ಎಲ್ಲಿಂದ ಬಂತು?”

“ನಾನೇ ತೂಗಿದ್ದು. ಒಂದು ಚೂರೂ ಹೆಚ್ಚುಕಡಿಮೆ ಇಲ್ಲ.”

“ಮುಚ್ಚಳ?”

ಸೊನ್ನೆಯಣ್ಣ ಅವಳನ್ನು ಪಾಪದವಳನ್ನು ನೋಡುವಂತೆ ನೋಡಿದ. “ಮುಚ್ಚಳ ಹಾಕಿದ್ರೆ ಸೋಪು ಹೇಗೆ ತುಂಬೋದು ಅಕ್ಕ?”

ನಿಜವೇ. ಮುಚ್ಚಳ ಹಾಕುವುದು ತುಂಬಿಸಿದ ಮೇಲೆ, ನಾಲ್ಕು ಹೆಜ್ಜೆ ಆಚೆಯ ಮೇಜಿನಲ್ಲಿ. ಆ ರಿಜಿಸ್ಟರು ಸೋಪು ಸರಿಯಾಗಿ ತುಂಬಿದೆಯೇ ಎಂದು ನೋಡಲು ಇರುವಂಥದು. ಅದರ ಕೆಲಸಕ್ಕೆ ಮುಚ್ಚಳ ಬೇಕಿರಲಿಲ್ಲ, ಯಾರೂ ಸೇರಿಸಿಯೂ ಇರಲಿಲ್ಲ. ಅತ್ತ ಬಾಟಲಿಯ ನಲವತ್ತು ಗ್ರಾಂ ಎನ್ನುವುದು ಮಾರುವವರು ಪಂಪು ಸಮೇತ ಬರೆದುಕೊಟ್ಟ ಲೆಕ್ಕ. ಬಾಟಲಿಯನ್ನು ಟೋಪಿ ಸಮೇತ ತೂಗಿ, ಪೊಟ್ಟಣವನ್ನು ಬರಿತಲೆಯಲ್ಲಿ ತೂಗಿದಂತಾಗಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ. ಎರಡು ನಿಜಗಳನ್ನು ಪಕ್ಕಪಕ್ಕ ಇಟ್ಟು ಅವಳೇ ಸುಳ್ಳು ಮಾಡಿದ್ದಳು.

ಇಬ್ಬರೂ ಸೇರಿ ಮುಚ್ಚಳ ಹಾಕಿದ ಹತ್ತು ಖಾಲಿ ಪೊಟ್ಟಣ ತೂಗಿದರು. ನೂರ ಮೂವತ್ತೊಂದು ಗ್ರಾಂ. ಹತ್ತು ಬಾಟಲಿ ತೂಗಿ, ಹತ್ತು ಪಂಪು ಬಿಚ್ಚಿ ಸ್ಪ್ರಿಂಗು ಗುಂಡು ಕಳೆದರು. ಮುನ್ನೂರ ತೊಂಬತ್ತೊಂದು. ಹತ್ತು ಪಂಪು ಹಾಳಾದವು ಎಂದು ಸೊನ್ನೆಯಣ್ಣ ಗೊಣಗಿದ. ಗೊಣಗುತ್ತಲೇ ಎಲ್ಲವನ್ನೂ ಅಂದವಾಗಿ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದ.

ಯಜಮಾನಿ ಆ ಹಾಳೆಯನ್ನು ಓದಿ ಕುರ್ಚಿಗೆ ಒರಗಿದರು.

“ಮೂರು ಗ್ರಾಂ” ಎಂದರು. “ಒಂದು ಮುಚ್ಚಳಕ್ಕೋಸ್ಕರ ನಾನು ಮಾತು ಹಿಂದಕ್ಕೆ ತಗೋಬೇಕಾ?”

“ಹೌದು ಮೇಡಂ. ಪೊಟ್ಟಣ ಬಾಟಲಿಯ ಮೂರನೇ ಒಂದು ಪಾಲು. ನೂರಕ್ಕೆ ಅರವತ್ತಾರು ಕಡಿಮೆ. ಎಪ್ಪತ್ತೈದಲ್ಲ.”

“ಹಾಗಾದ್ರೆ ಅಂಕಿನೇ ಬೇಡ. ಪರಿಸರ ಸ್ನೇಹಿ ಅಂತ ಹಾಕಿ ಮುಗಿಸಿ. ಅದನ್ನ ಯಾರೂ ತೂಗಲ್ಲ.”

“ನಮ್ಮಪ್ಪನೂ ಅದನ್ನೇ ಹೇಳಿದ್ರು. ಅದಕ್ಕೇ ನಾನು ಬರೆಯಲ್ಲ.”

ಯಜಮಾನಿ ಹಾಳೆಯನ್ನು ಮೇಜಿನ ಮೇಲಿಟ್ಟರು. “ಕೆಲಸ ನೋಡಿ ಖಾಯಂ ಮಾಡ್ತೀವಿ ಅಂದಿದ್ದ ನಿಮ್ಮ ಆರು ತಿಂಗಳು ಮುಗಿಯೋದು ಯಾವಾಗ?” ಎಂದು ಕೇಳಿದರು. ಬೆದರಿಕೆಯೋ ವಿಚಾರಣೆಯೋ ತಿಳಿಯಲಿಲ್ಲ.

“ಇನ್ನು ಮೂರು ವಾರ.”

“ನಾಳೆ ಅವರು ಬಂದಾಗ ಎಪ್ಪತ್ತೈದು ತಪ್ಪು ಅಂತ ನೀವೇ ಹೇಳಿ. ನನ್ನ ಬಾಯಿಂದ ಬರಲ್ಲ.”

ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಹೀಗೆ ಅವಳ ಪಾಲಿಗೆ ಬಂತು. ಅಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಕುಳಿತು ಕ್ಯಾಪ್ಷನ್ನನ್ನು ಮತ್ತೆ ಬರೆದಳು. ಬರೆಯುವಾಗ ಗುಲಾಬಿ ಪಾತಿ ಕಣ್ಣ ಮುಂದಿತ್ತು. ಓದಿದವರು ಮುಂದೆ ಏನು ಮಾಡುತ್ತಾರೆ ಎಂದು ಕೇಳಿಕೊಂಡಳು. ಖಾಲಿಯಾದ ಮೇಲೆ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಆಗ ಅವರಿಗೆ ಏನು ಹೇಳಬೇಕು? ಊರಿನ ಮೂರು ಗುಜರಿ ಅಂಗಡಿಗಳಿಗೂ ಒಣಕಸ ಬೇರ್ಪಡಿಸುವ ಶೆಡ್ಡಿಗೂ ಫೋನು ಮಾಡಿದಳು. ಬಾಟಲಿ ಕೊಟ್ಟರೆ ತಗೋತೀವಿ, ಪಂಪು ತೆಗೆದು ಕೊಡಿ ಎಂದರು. ಪೊಟ್ಟಣವೇ ಎಂದರೆ ನಕ್ಕರು. ಎರಡು ಬೇರೆ ಜಾತಿಯ ಪ್ಲಾಸ್ಟಿಕ್ಕನ್ನು ಅಂಟಿಸಿ ಮಾಡಿದ ಪದರ ಅದು, ಬಿಡಿಸಲು ಬರುವುದಿಲ್ಲ, ನಮಗೆ ಬೇಡಮ್ಮ ಎಂದರು.

ಗುರುವಾರ ಬಂದ ಖರೀದಿ ಅಧಿಕಾರಿಯದು ಸಣ್ಣ ಮೈಕಟ್ಟು, ದೊಡ್ಡ ಚೀಲ. ಮುಖದಲ್ಲಿ ಎಳ್ಳಷ್ಟೂ ಭಾವವಿಲ್ಲದ ಹೆಂಗಸು. ಕಾರ್ಡನ್ನು ಕೈಗೆ ತೆಗೆದುಕೊಂಡು ಓದಿದರು. ಅದರಲ್ಲಿ ಹೀಗಿತ್ತು:

‘ಈ ಪೊಟ್ಟಣ, ಮುಚ್ಚಳ ಸಮೇತ, ಸುಮಾರು 13 ಗ್ರಾಂ ಪ್ಲಾಸ್ಟಿಕ್. ಅಷ್ಟೇ ಸೋಪು ಹಿಡಿಯುವ ನಮ್ಮ ಬಾಟಲಿ, ಪಂಪು ಸಮೇತ, ಸುಮಾರು 39 ಗ್ರಾಂ. ಹಳೆಯ ಬಾಟಲಿಗೇ ತುಂಬಿಸಿಕೊಂಡರೆ ಮಾತ್ರ ಈ ಉಳಿತಾಯ. ಪೊಟ್ಟಣ ಮಣ್ಣಿನಲ್ಲಿ ಕರಗುವುದಿಲ್ಲ, ಹೂಳಬೇಡಿ. ನಾವು ವಿಚಾರಿಸಿದ ಗುಜರಿಯವರು ಇದನ್ನು ಕೊಳ್ಳುವುದಿಲ್ಲ. ಕಸದ ಬುಟ್ಟಿಗೇ ಹಾಕಬೇಕು.’

“ಫೋನಲ್ಲಿ ಎಪ್ಪತ್ತೈದು ಅಂದಿದ್ರಿ” ಎಂದರು ಅಧಿಕಾರಿ.

ಯಜಮಾನಿ ಕಿಟಕಿಯ ಕಡೆ ನೋಡಿದರು.

“ತಪ್ಪಾಗಿತ್ತು” ಎಂದಳು ಕತ್ತರಿ. “ಮುಚ್ಚಳ ಬಿಟ್ಟು ತೂಗಿದ್ವಿ.” ಹೇಗೆ ಬಿಟ್ಟಿತು, ಯಾರು ಕಂಡುಹಿಡಿದರು, ಮತ್ತೆ ಹೇಗೆ ತೂಗಿದೆವು, ಎಲ್ಲ ಹೇಳಿ ಹಾಳೆ ಮುಂದಿಟ್ಟಳು.

ಅಧಿಕಾರಿ ಚೀಲದಿಂದ ಒಂದು ಫಾರಂ ತೆಗೆದರು. ಯಾವುದಕ್ಕೆ ಹೋಲಿಸಿದ್ದು, ಯಾವ ಯಾವ ಭಾಗ ಸೇರಿದೆ, ಅಳೆದದ್ದು ಹೇಗೆ, ಅಳೆದವರು ಯಾರು ಎಂದು ನಾಲ್ಕು ಖಾಲಿ ಜಾಗ. “ಇದರಲ್ಲಿ ಎಲ್ಲರೂ ‘ಪರಿಸರ ಸ್ನೇಹಿ’ ಅಂತ ಬರೆದು ಕೊಡ್ತಾರೆ. ನಾಲ್ಕೂ ಜಾಗದಲ್ಲಿ” ಎಂದರು. ಹಾಳೆ ನೋಡಿ ನೋಡಿ ನಾಲ್ಕನ್ನೂ ತುಂಬಿಸಿದರು. ಆಮೇಲೆ ಕಾರ್ಡಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. “ಕಸದ ಬುಟ್ಟಿಗೆ ಹಾಕಿ ಅಂತ ಹೇಳ್ಕೊಂಡು ಯಾರಾದ್ರೂ ಮಾರ್ತಾರಾ?”

“ಹೇಳ್ದೇ ಇದ್ರೆ ಜನ ಹೂಳ್ತಾರೆ.”

“ಯಾರು ಹೂಳ್ತಾರೆ?”

“ನಮ್ಮಪ್ಪ ಹೂಳಿದ್ರು. ನಾನು ಬರೆದದ್ದು ಓದಿ. ನಲವತ್ತಮೂರು.”

ಯಜಮಾನಿ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದರು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ, “ಹತ್ತು ಅಂಗಡಿಯಲ್ಲಿ ಇಟ್ಟು ನೋಡ್ತೀವಿ” ಎಂದರು. ನಲವತ್ತಲ್ಲ, ಹತ್ತು. ಅದೂ ಎರಡು ತಿಂಗಳಿಗೆ.

ಅವರು ಹೋದ ಮೇಲೆ ಯಜಮಾನಿ, “ಮೂವತ್ತು ಅಂಗಡಿ ಹೋಯ್ತು” ಎಂದರು. ಬಾಗಿಲವರೆಗೆ ಹೋಗಿ ತಿರುಗಿ, “ಆ ಕಾಡಿನ ಫೋಟೋ ಬಿಸಾಕಿ. ಮುಂದಿನ ತಿಂಗಳು ನೀವೇ ನಿಂತು ತೆಗೆಸಿ” ಎಂದರು. ಮುಂದಿನ ತಿಂಗಳು ಎಂದರೆ ಮೂರು ವಾರದ ಆಚೆ. ಇಷ್ಟು ಸಾಕು ಎಂದುಕೊಂಡಳು ಕತ್ತರಿ.

ಮನೆಯಲ್ಲಿ ಅವಳು ಏನೂ ಹೇಳಲಿಲ್ಲ. ಸೋಪು ತುಂಬಿದ ಒಂದು ಪೊಟ್ಟಣ ತಂದು ಬಚ್ಚಲ ಶೆಲ್ಫಿನಲ್ಲಿಟ್ಟಳು, ಅದಕ್ಕೆ ಒರಗಿಸಿ ಕಾರ್ಡನ್ನೂ ಇಟ್ಟಳು. ಓದಿ ಎಂದು ಹೇಳುವ ಧೈರ್ಯ ಬರಲಿಲ್ಲ. ಕಾರ್ಡು ಹತ್ತು ದಿನ ಅಲ್ಲೇ ಇತ್ತು, ಅದರ ಮೂಲೆ ನೀರಿಗೆ ಸುರುಟಿಕೊಂಡಿತು. ಅಪ್ಪ ದಿನಕ್ಕೆ ಐದಾರು ಸಲ ಅದರ ಮುಂದೆ ಕೈ ತೊಳೆದು ಹೋಗುತ್ತಿದ್ದರು, ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹೋಗಲಿ ಬಿಡು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೆ ಹೋಗುತ್ತದೆಯೇ?

ಹನ್ನೊಂದನೆಯ ದಿನ ಭಾನುವಾರ. ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಬಚ್ಚಲ ಬಾಟಲಿಯ ಪಂಪು ಗಾಳಿ ಕಕ್ಕುವ ಸದ್ದು ಕೇಳಿಸಿತು, ಸೋಪು ಮುಗಿದಿತ್ತು. ಸ್ವಲ್ಪ ಹೊತ್ತಿಗೆ ಅಪ್ಪ ಹಿತ್ತಲಿಗೆ ಬಂದರು. ಒಂದು ಕೈಯಲ್ಲಿ ಬಾಟಲಿಗೆ ಸುರಿದು ಖಾಲಿಯಾದ ಪೊಟ್ಟಣ, ಇನ್ನೊಂದು ಕೈಯಲ್ಲಿ ಸುರುಟಿದ ಕಾರ್ಡು. ಗುಲಾಬಿ ಪಾತಿಯ ಪಕ್ಕ ನಿಂತರು. ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು.

ಅಪ್ಪ ಕನ್ನಡಕ ಮೇಲೇರಿಸಿ ಕಾರ್ಡನ್ನು ಒಂದು ಸಲ ಓದಿದರು. ಮತ್ತೆ ಒಂದು ಸಲ ಓದಿದರು. ಪೊಟ್ಟಣದ ಮುಚ್ಚಳ ಬಿಗಿಯಾಗಿದೆಯೇ ನೋಡಿದರು. ಆಮೇಲೆ ಪಾತಿಯನ್ನು ಬಳಸಿಕೊಂಡು ಗೋಡೆಯ ಪಕ್ಕಕ್ಕೆ ನಡೆದು ಹೋಗಿ, ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿದರು. ಕಾರ್ಡನ್ನು ಅಂಗಿಗೆ ಒರೆಸಿ, ಮಡಚಿ, ಜೇಬಿನಲ್ಲಿಟ್ಟುಕೊಂಡರು.

“ನೀನು ಬರೆದದ್ದು ಇಡ್ತಿದ್ನಲ್ಲ, ಆ ಹಳೇ ಫೈಲು ಎಲ್ಲಿದೆ?” ಎಂದು ಕೇಳಿ ಒಳಗೆ ಹೋದರು.